ಕೆಳಗಿನ ಬಿಪಿ ಹೃದಯದ ಪಾಲು

ನಾನು ಪುಣೆಯ ಒಂದು ಹೃದ್ರೋಗ ಐಸಿಯುವಿನಲ್ಲಿ ನರ್ಸ್. ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್‌ನಲ್ಲಿ ಬಿಪಿ ಹೇಳುವ ರೂಢಿ ನಮ್ಮಲ್ಲಿ ಹೀಗಿದೆ: "ಸಿಸ್ಟೋಲಿಕ್ ತೊಂಬತ್ತರ ಮೇಲಿದೆ, ಸ್ಟೇಬಲ್." ಕೆಳಗಿನ ಅಂಕಿ, ಅಂದರೆ ಡಯಾಸ್ಟೋಲಿಕ್, ಚಾರ್ಟಿನಲ್ಲಿ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ಆದರೆ ಹೃದಯದ ಸ್ನಾಯುವಿಗೆ, ಅದರಲ್ಲೂ ಎಡ ಹೃತ್ಕುಕ್ಷಿಯ ಒಳಪದರಕ್ಕೆ, ರಕ್ತ ತಲುಪುವುದು ಬಹುಮಟ್ಟಿಗೆ ಆ ಕೆಳಗಿನ ಅಂಕಿಯ ಬಲದಿಂದಲೇ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಇದನ್ನೇ, ಅದಕ್ಕೆ ಉದಾಹರಣೆಯಾಗಿ ಹೇಳುವುದು ಒಬ್ಬ ಅಜ್ಜಿಯ ಕೇಸನ್ನು. ಗುರುತು ಸಿಗದಂತೆ ಅವರ ವಿವರಗಳನ್ನು ಬದಲಿಸಿದ್ದೇನೆ.

ವಿಜಯಪುರ ಕಡೆಯ ಕುಟುಂಬ, ಮಗನ ನೌಕರಿಯಿಂದಾಗಿ ಹಡಪ್ಸರಿನಲ್ಲಿ ನೆಲೆಸಿದವರು. ಅಜ್ಜಿಗೆ ಎಪ್ಪತ್ತು ದಾಟಿತ್ತು. ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಕಿರಿದಾಗಿತ್ತು, ಕವಾಟ ಬದಲಿಸುವ ತಯಾರಿಗೆಂದು ಆಂಜಿಯೋಗ್ರಾಂ ಕೂಡ ಆಗಿತ್ತು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ನಾಳಗಳಲ್ಲಿ ಅಡಚಣೆಯೇ ಇರಲಿಲ್ಲ. ಅಷ್ಟರಲ್ಲಿ ಎರಡು ದಿನ ಜ್ವರ, ವಾಂತಿ ಬಂದು ಸುಸ್ತಾಗಿ, ಎದೆ ಒತ್ತಿದ ಹಾಗಾಗುತ್ತಿದೆ ಎಂದು ಕರೆತಂದರು. ಮಾನಿಟರ್ ಹಚ್ಚಿದಾಗ ಬಡಿತ 152, ತಾಳ ತಪ್ಪಿದ್ದು, ಅಂದರೆ ಏಟ್ರಿಯಲ್ ಫಿಬ್ರಿಲೇಶನ್. ಬಿಪಿ 96/48. ಇಸಿಜಿಯಲ್ಲಿ ವಿ3ರಿಂದ ವಿ6ರವರೆಗಿನ ಲೀಡ್‌ಗಳಲ್ಲಿ ಎಸ್‌ಟಿ ಗೆರೆ ಕೆಳಗೆ ಇಳಿದಿತ್ತು, ಎವಿಆರ್ ಲೀಡ್‌ನಲ್ಲಿ ಮಾತ್ರ ಸ್ವಲ್ಪ ಮೇಲೆದ್ದಿತ್ತು.

ನಾನು ಕನ್ನಡದವಳು ಎಂದು ಗೊತ್ತಾದ ಮೇಲೆ ಮಗ ನನ್ನನ್ನೇ ಹುಡುಕಿಕೊಂಡು ಬಂದು ಕೇಳಿದರು: "ಸಿಸ್ಟರ್, ಆಂಜಿಯೋಗ್ರಾಂ ಮಾಡಿ ಬ್ಲಾಕ್ ಏನೂ ಇಲ್ಲ ಅಂದಿದ್ರಲ್ರಿ. ಮತ್ತ ಎದಿನೋವು ಯಾಕ ಬಂತು?"

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಹೃದಯ ತನಗೆ ಬೇಕಾದ ರಕ್ತವನ್ನು ಯಾವಾಗ ಪಡೆಯುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಎರಡು ಕೊರೊನರಿ ನಾಳಗಳೂ ಮಹಾಪಧಮನಿಯ ಬುಡದಲ್ಲಿ, ಕವಾಟದ ದಳಗಳ ಸ್ವಲ್ಪ ಮೇಲೆ ಹುಟ್ಟುತ್ತವೆ. ಅಲ್ಲಿಂದ ಹೃದಯದ ಹೊರಮೈ ಮೇಲೆ ಹರಡಿ, ಕೊಂಬೆ ಕೊಂಬೆಯಾಗಿ ಸ್ನಾಯುವಿನೊಳಗೆ ಇಳಿಯುತ್ತವೆ. ತೊಂದರೆ ಇರುವುದು ಈ ಒಳಗಿಳಿದ ಕೊಂಬೆಗಳಲ್ಲಿ. ಎಡ ಹೃತ್ಕುಕ್ಷಿ ಸಂಕುಚಿಸಿದಾಗ ಅದರ ಗೋಡೆ ತನ್ನೊಳಗೆ ಹಾದುಹೋಗುವ ನಾಳಗಳನ್ನೇ ಹಿಚುಕುತ್ತದೆ, ಹೊಲಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಒತ್ತಡ ಹೊರಪದರದಲ್ಲಿ ಕಡಿಮೆ, ಒಳಗೆ ಹೋದಂತೆ ಹೆಚ್ಚು. ಕುಹರಕ್ಕೆ ತಾಗಿರುವ ಒಳಪದರದಲ್ಲಿ ಅದು ಮಹಾಪಧಮನಿಯ ಒತ್ತಡಕ್ಕೆ ಸಮನಾಗುತ್ತದೆ, ಕೆಲವೊಮ್ಮೆ ಮೀರುತ್ತದೆ. ಆ ಹೊತ್ತಿನಲ್ಲಿ ಅಲ್ಲಿಗೆ ಹೊಸ ರಕ್ತ ಹೋಗುವುದಿಲ್ಲ. ಹೃದಯ ಸಡಿಲಗೊಂಡಾಗ, ಅಂದರೆ ಡಯಾಸ್ಟೋಲ್‌ನಲ್ಲಿ, ನಾಳಗಳು ಬಿಚ್ಚಿಕೊಂಡು ರಕ್ತ ಒಳನುಗ್ಗುತ್ತದೆ. ಹೀಗಾಗಿ ಎಡ ಕೊರೊನರಿಯ ಹರಿವಿನಲ್ಲಿ ಮುಕ್ಕಾಲು ಪಾಲಿನಷ್ಟು ಆಗುವುದು ಡಯಾಸ್ಟೋಲ್‌ನಲ್ಲೇ.

ಕವಾಟದ ದಳಗಳು ತೆರೆದಾಗ ಕೊರೊನರಿ ಬಾಯಿಗಳನ್ನು ಮುಚ್ಚಿಬಿಡುತ್ತವೆ, ಅದಕ್ಕೇ ಸಿಸ್ಟೋಲ್‌ನಲ್ಲಿ, ಅಂದರೆ ಹೃದಯ ಸಂಕುಚಿಸುವಾಗ, ರಕ್ತ ಹೋಗುವುದಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅದು ಮುಖ್ಯ ಕಾರಣವಲ್ಲ. ಹಾಗಿದ್ದರೆ ಬಲ ಕೊರೊನರಿಗೂ ಅದೇ ಗತಿ ಆಗಬೇಕಿತ್ತು. ಬಲ ಹೃತ್ಕುಕ್ಷಿಯ ಒತ್ತಡ ಸಾಮಾನ್ಯವಾಗಿ 25ರ ಆಸುಪಾಸು, ಮಹಾಪಧಮನಿಯಲ್ಲಿ 120. ಅಷ್ಟು ತೆಳು ಗೋಡೆ ನಾಳವನ್ನು ಹಿಚುಕಲಾರದು. ಹಾಗಾಗಿ ಆ ಗೋಡೆಗೆ ಸಿಸ್ಟೋಲ್‌ನಲ್ಲೂ ಡಯಾಸ್ಟೋಲ್‌ನಲ್ಲೂ ರಕ್ತ ಹರಿಯುತ್ತದೆ.

ಇನ್ನೊಂದು ಸಂಗತಿ ಇದರ ಜೊತೆಗೇ ತಿಳಿದಿರಬೇಕು. ದೇಹದ ಬೇರೆ ಭಾಗಗಳು ತಮಗೆ ಬಂದ ರಕ್ತದಿಂದ ಒಟ್ಟಾರೆ ಕಾಲು ಭಾಗದಷ್ಟು ಆಮ್ಲಜನಕ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತವೆ. ಹೃದಯದ ಸ್ನಾಯು ವಿಶ್ರಾಂತಿಯಲ್ಲೇ ಶೇಕಡಾ 70ರಷ್ಟು ಹೀರಿಬಿಡುತ್ತದೆ. ಅಗತ್ಯ ಹೆಚ್ಚಾದಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ, ಹರಿವೇ ಹೆಚ್ಚಬೇಕು. ಆ ಹರಿವನ್ನು ನಿರ್ಧರಿಸುವುದು ಎರಡು: ಡಯಾಸ್ಟೋಲ್‌ನಲ್ಲಿ ತಳ್ಳುವ ಒತ್ತಡ ಎಷ್ಟು, ಆ ಡಯಾಸ್ಟೋಲ್ ಎಷ್ಟು ಹೊತ್ತು. ಆರೋಗ್ಯವಂತ ಹೃದಯದಲ್ಲಿ ಇವೆರಡೂ ಕುಗ್ಗಿದರೂ ನಾಳಗಳು ಅಗಲವಾಗಿ ಸರಿದೂಗಿಸುತ್ತವೆ. ಅದಕ್ಕೇ ಗಟ್ಟಿಮುಟ್ಟಾದ ಹುಡುಗ ಓಡುವಾಗ ಬಡಿತ 180 ಆದರೂ ಎದೆನೋವು ಬರುವುದಿಲ್ಲ. ಅಜ್ಜಿಯ ಹೃದಯಕ್ಕೆ ಆ ಅವಕಾಶ ಇರಲಿಲ್ಲ. ಕಿರಿದಾದ ಕವಾಟದ ವಿರುದ್ಧ ವರ್ಷಗಟ್ಟಲೆ ತಳ್ಳಿ ಗೋಡೆ ದಪ್ಪವಾಗಿತ್ತು. ಅಷ್ಟು ದಪ್ಪ ಸ್ನಾಯುವನ್ನು ಸಾಕಲು ಒಳಪದರದ ಸಣ್ಣ ನಾಳಗಳು ಆಗಲೇ ಬಹುಪಾಲು ಅಗಲಗೊಂಡಿರುತ್ತವೆ.

ಈಗ ಅಜ್ಜಿಯ ಲೆಕ್ಕ ನೋಡಿ. ಬಡಿತ 152 ಎಂದರೆ ಒಂದು ಬಡಿತಕ್ಕೆ ಸರಾಸರಿ 0.39 ಸೆಕೆಂಡು. ಕವಾಟ ಕಿರಿದಾಗಿರುವಾಗ ರಕ್ತ ಹೊರಹಾಕಲು ಹೆಚ್ಚು ಹೊತ್ತು ಬೇಕು, ಸಿಸ್ಟೋಲ್‌ಗೆ 0.24 ಸೆಕೆಂಡು ಹೋಯಿತು ಎಂದುಕೊಳ್ಳೋಣ. ಡಯಾಸ್ಟೋಲ್‌ಗೆ ಉಳಿದದ್ದು 0.15. ಅದನ್ನು 152ರಿಂದ ಗುಣಿಸಿದರೆ ಒಂದು ನಿಮಿಷದಲ್ಲಿ ಸುಮಾರು 23 ಸೆಕೆಂಡು ಮಾತ್ರ ಒಳಪದರಕ್ಕೆ ರಕ್ತ ಸಿಗುವ ಹೊತ್ತು. ಬಡಿತ ಏರಿದಾಗ ಸಿಸ್ಟೋಲ್ ಕಡಿಮೆ ಕುಗ್ಗುತ್ತದೆ, ಹೆಚ್ಚಿನ ಪೆಟ್ಟು ಬೀಳುವುದು ಡಯಾಸ್ಟೋಲ್‌ಗೆ.

ಇನ್ನು ಒತ್ತಡ. ಮಹಾಪಧಮನಿಯ ಡಯಾಸ್ಟೋಲಿಕ್ ಒತ್ತಡದಿಂದ, ಡಯಾಸ್ಟೋಲ್ ಕೊನೆಗೆ ಎಡ ಹೃತ್ಕುಕ್ಷಿಯೊಳಗೆ ಇರುವ ಒತ್ತಡವನ್ನು ಕಳೆದರೆ ಬರುವುದು ನಿಜವಾದ ತಳ್ಳುವ ಬಲ. ಆರೋಗ್ಯವಂತರಲ್ಲಿ 80ರಲ್ಲಿ 10 ಹೋದರೆ 70. ಅಜ್ಜಿಗೆ ಕೆಳಗಿನ ಬಿಪಿ 48. ಗಡಸಾದ ದಪ್ಪ ಕುಹರದ ಒಳಒತ್ತಡವನ್ನು ನಾವು ಅಳೆದಿರಲಿಲ್ಲ, ಶ್ವಾಸಕೋಶದ ತಳದಲ್ಲಿ ಗುರುಗುರು ಸದ್ದು ಇದ್ದುದರಿಂದ 28 ಎಂದು ಹಿಡಿದರೆ ತಪ್ಪಾಗದು. ಉಳಿದದ್ದು 20. ಮೇಲಿನ ಅಂಕಿ 96 ನೋಡಿ ಸ್ಟೇಬಲ್ ಎಂದರೂ, ಹೃದಯದ ಪಾಲಿಗೆ ಬಂದದ್ದು ಇಷ್ಟೇ. ಮಗನ ಪ್ರಶ್ನೆಗೆ ಉತ್ತರವೂ ಇಲ್ಲೇ ಇತ್ತು: ನಾಳ ತೆರೆದೇ ಇದೆ, ಅದರೊಳಗೆ ರಕ್ತ ತಳ್ಳುವ ಬಲವೂ ಸಾಲದು, ಹೊತ್ತೂ ಸಾಲದು.

ಇಸಿಜಿ ಕೂಡ ಅದನ್ನೇ ಹೇಳುತ್ತಿತ್ತು. ಒಂದು ನಾಳ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಆ ನಾಳದ ಸೀಮೆಯಲ್ಲಿ ಎಸ್‌ಟಿ ಮೇಲೇಳುತ್ತದೆ. ಒಳಪದರವೆಲ್ಲ ಒಟ್ಟಿಗೆ ಹಸಿದಾಗ ಹಲವು ಲೀಡ್‌ಗಳಲ್ಲಿ ಕೆಳಗಿಳಿದು ಎವಿಆರ್‌ನಲ್ಲಿ ಮೇಲೇಳುತ್ತದೆ. ಎಡ ಮುಖ್ಯ ಕೊರೊನರಿಯ ಅಡಚಣೆಯಲ್ಲೂ ಇದೇ ಚಿತ್ರ ಬರಬಹುದು, ಆದ್ದರಿಂದ ಇಸಿಜಿಯೊಂದನ್ನೇ ನಂಬಿ ಕೂರುವಂತಿಲ್ಲ. ಅಜ್ಜಿಯ ಆಂಜಿಯೋಗ್ರಾಂ ಕೈಯಲ್ಲಿದ್ದದ್ದು ಇಲ್ಲಿ ದೊಡ್ಡ ಅನುಕೂಲವಾಯಿತು.

ಎದೆನೋವು ಎಂದ ಕೂಡಲೇ ನೈಟ್ರೋಗ್ಲಿಸರಿನ್ ಕಡೆಗೆ ಕೈ ಹೋಗುತ್ತದೆ. ಇಂಥ ರೋಗಿಗೆ ಅದು ಕೆಳಗಿನ ಬಿಪಿಯನ್ನು ಇನ್ನೂ ಇಳಿಸಿ, ಬಡಿತವನ್ನು ಇನ್ನೂ ಏರಿಸಬಹುದು. ಡಾಕ್ಟರ್ ಅದನ್ನು ಕೊಡಬೇಡಿ ಎಂದು ಮೊದಲೇ ಹೇಳಿದರು. ನೋವು ಇದೆ, ಬಿಪಿ ಬೀಳುತ್ತಿದೆ, ಹಾಗಾಗಿ ಔಷಧಿಯಿಂದ ನಿಧಾನಕ್ಕೆ ಬಡಿತ ಇಳಿಸುತ್ತ ಕೂರದೆ ಶಾಕ್ ಕೊಟ್ಟು ತಾಳ ಸರಿಪಡಿಸುವುದು ಎಂದು ನಿರ್ಧಾರವಾಯಿತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಶುರುವಾಯಿತು. ಮತ್ತು ಬರಿಸುವ ಔಷಧಿ ತೀರಾ ಕಡಿಮೆ ಪ್ರಮಾಣದಲ್ಲಿ, ಪಕ್ಕದಲ್ಲೇ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಸಿರಿಂಜ್ ಪಂಪಿಗೆ ಜೋಡಿಸಿ ಸಿದ್ಧ. ಮತ್ತಿನಿಂದ ಕೆಳಗಿನ ಬಿಪಿ ಇನ್ನೊಂದು ಹತ್ತು ಇಳಿದಿದ್ದರೆ ಆ ಇಪ್ಪತ್ತರಲ್ಲಿ ಅರ್ಧ ಹೋದಂತೆ. ಶಾಕ್ ಬಡಿತಕ್ಕೆ ಹೊಂದಿಕೊಂಡು ಬೀಳುವಂತೆ ಸಿಂಕ್ ಬಟನ್ ಒತ್ತಿ, ಇಸಿಜಿಯ ಪ್ರತಿ ಆರ್ ಅಲೆಯ ಮೇಲೂ ಗುರುತು ಬೀಳುತ್ತಿದೆಯೇ ಎಂದು ನೋಡಿಕೊಂಡ ಮೇಲೆ ಶಾಕ್. ಒಂದೇ ಶಾಕ್‌ಗೆ ತಾಳ ಸರಿಯಾಯಿತು.

ಬಡಿತ 84ಕ್ಕೆ ಬಂತು, ಬಿಪಿ 118/64. ಈಗ ಒಂದು ಬಡಿತಕ್ಕೆ 0.71 ಸೆಕೆಂಡು. ಸಿಸ್ಟೋಲ್‌ಗೆ 0.34 ಹೋದರೂ 0.37 ಉಳಿಯುತ್ತದೆ, ನಿಮಿಷಕ್ಕೆ ಸುಮಾರು 31 ಸೆಕೆಂಡು. ಒಳಒತ್ತಡ 20ಕ್ಕೆ ಇಳಿದಿದ್ದರೆ ತಳ್ಳುವ ಬಲ 44. ಬಲ ಎರಡು ಪಟ್ಟಿಗಿಂತ ಹೆಚ್ಚು, ಹೊತ್ತು ಮೂರನೇ ಒಂದರಷ್ಟು ಜಾಸ್ತಿ. ಎರಡನ್ನೂ ಗುಣಿಸಿ ನೋಡಿದರೆ ಮೊದಲಿನದಕ್ಕಿಂತ ಸುಮಾರು ಮೂರು ಪಟ್ಟು. ಇದು ಹಾಸಿಗೆ ಪಕ್ಕದ ಅಂದಾಜು, ಹರಿವಿನ ಅಳತೆಯಲ್ಲ. ಆದರೂ ಅಜ್ಜಿಯ ಎದೆ ಹಗುರಾದದ್ದು, ಮುಂದಿನ ಇಸಿಜಿಗಳಲ್ಲಿ ಎಸ್‌ಟಿ ಮೇಲಕ್ಕೆ ಮರಳಿದ್ದು ಈ ಅಂದಾಜಿಗೆ ಹೊಂದುತ್ತಿತ್ತು.

ಇಷ್ಟು ಸಣ್ಣ ಅಂತರದ ಮೇಲೆ ಬದುಕು ನಿಂತಿರುವಾಗ ಅಂಕಿ ಸರಿ ಇರಲೇಬೇಕು, ಅದು ನರ್ಸಿನ ಕೈಯಲ್ಲಿದೆ. ಅಪಧಮನಿಯೊಳಗಿಂದಲೇ ಬಿಪಿ ತೋರಿಸುವ ಆರ್ಟೀರಿಯಲ್ ಲೈನ್ ಹಾಕಿದ ಮೇಲೆ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಜಾರಿದರೆ ಬಿಪಿ ಏಳೆಂಟು ಅಂಕಿ ಹೆಚ್ಚು ತೋರಿಸುತ್ತದೆ. ಮೇಲಿನ 118ಕ್ಕೆ ಅದು ದೊಡ್ಡದಲ್ಲ. ಇಪ್ಪತ್ತರ ಅಂತರಕ್ಕೆ ಅದು ಮೂರನೇ ಒಂದು ಭಾಗ. ಹಾಸಿಗೆಯ ತಲೆಭಾಗ ಏರಿಸಿದಾಗಲೆಲ್ಲ ಮಟ್ಟ ಸರಿಪಡಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಲೈನಿನಲ್ಲಿ ಗಾಳಿಗುಳ್ಳೆ ಅಥವಾ ಹೆಪ್ಪು ಇದ್ದರೆ ಅಲೆ ಮೊಂಡಾಗಿ, ಮೇಲಿನ ಅಂಕಿ ಕಡಿಮೆ, ಕೆಳಗಿನದು ಹೆಚ್ಚು ಕಾಣುತ್ತದೆ. ಅಲೆಯ ಇಳಿಜಾರಿನಲ್ಲಿ ಕವಾಟ ಮುಚ್ಚಿದ ಗುರುತಾಗಿ ಸಣ್ಣ ಕಚ್ಚು ಇರುತ್ತದಲ್ಲ, ಅದರ ಮೇಲೆ ಬೆರಳಿಟ್ಟು ತೋರಿಸಿ ಎಂದು ಹೊಸಬರಿಗೆ ಹೇಳುತ್ತೇನೆ. ಆ ಕಚ್ಚಿನಿಂದ ಮುಂದಿನ ಅಲೆ ಏಳುವವರೆಗಿನ ಜಾಗವೇ ಹೃದಯದ ಪಾಲು. ಕಚ್ಚೇ ಕಾಣದಿದ್ದರೆ ಫ್ಲಶ್ ಮಾಡಿ ಲೈನ್ ಪರೀಕ್ಷಿಸಬೇಕು. ಕಿರಿದಾದ ಕವಾಟದವರಲ್ಲಿ ಅದು ಮೊದಲೇ ಮಸುಕು, ಹಾಗಾಗಿ ಲೈನಿನ ತಪ್ಪೋ ರೋಗದ ಗುಣವೋ ಎಂಬುದನ್ನು ಫ್ಲಶ್ ಮಾಡಿಯೇ ತಿಳಿಯಬೇಕು.

ಹಾಗೆಂದು ಎಲ್ಲರ ಬಡಿತವನ್ನೂ ಇಳಿಸುತ್ತ ಹೋಗುವಂತಿಲ್ಲ. ಅದೇ ಕವಾಟ ಕಿರಿದಾಗುವ ಬದಲು ತೀವ್ರವಾಗಿ ಸೋರುತ್ತಿದ್ದರೆ, ಡಯಾಸ್ಟೋಲ್ ಉದ್ದವಾದಷ್ಟೂ ರಕ್ತ ಹೃತ್ಕುಕ್ಷಿಗೆ ಹಿಂದಿರುಗುತ್ತದೆ. ಕೆಳಗಿನ ಬಿಪಿ ಇಳಿಯುತ್ತದೆ, ಕುಹರದ ಒಳಒತ್ತಡ ಏರುತ್ತದೆ, ಕಳೆಯುವ ಲೆಕ್ಕದಲ್ಲಿ ಎರಡೂ ಕಡೆಯಿಂದ ನಷ್ಟ. ಅಂಥವರಿಗೆ ಬಡಿತ ತುಸು ಚುರುಕಾಗಿರುವುದೇ ಒಳ್ಳೆಯದು. ಡಯಾಸ್ಟೋಲ್‌ನಲ್ಲಿ ಉಬ್ಬಿ ಕೊರೊನರಿಗೆ ರಕ್ತ ತಳ್ಳಲೆಂದು ಮಹಾಪಧಮನಿಯಲ್ಲಿ ಇಡುವ ಬಲೂನ್ ಪಂಪನ್ನು ಅವರಿಗೆ ಹಾಕುವುದೂ ಇಲ್ಲ, ಉಬ್ಬಿದ ಬಲೂನು ಸೋರುವ ಕವಾಟದ ಮೂಲಕ ಇನ್ನಷ್ಟು ರಕ್ತವನ್ನು ಹಿಂದಕ್ಕೆ ನೂಕುತ್ತದೆ.