ಫೈಲ್ ಆದ ಬಿಲ್ಲಿಗೆ ಕ್ರೆಡಿಟ್ ನೋಟ್

ಕಳೆದ ವರ್ಷ ಜೂನ್‌ನಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಬೆಂಗಳೂರಿನ ಡೀಲರ್ ಒಬ್ಬರಿಂದ 60 ನೀರಿನ ನಲ್ಲಿ ತರಿಸಿದ್ದೆ. ಒಂದಕ್ಕೆ 450 ರೂಪಾಯಿ, ಮೇಲೆ 18% ಜಿಎಸ್‌ಟಿ. ಹಣ ಪೂರ್ತಿ ಕೊಟ್ಟಾಗಿತ್ತು. ಜುಲೈ ಕೊನೆಯ ಹೊತ್ತಿಗೆ ಪ್ಲಂಬರ್‌ಗಳು ಒಬ್ಬೊಬ್ಬರಾಗಿ ವಾಪಸ್ ತಂದರು. ಹಿಡಿ ತಿರುಗಿಸಿದರೆ ಅದರ ಬುಡದಲ್ಲೇ ನೀರು ಜಿನುಗುತ್ತಿತ್ತು. ಉಳಿದ ಸ್ಟಾಕನ್ನೂ ನೀರು ಬಿಟ್ಟು ನೋಡಿ, ಕೆಟ್ಟಿದ್ದ 20 ನಲ್ಲಿಗಳನ್ನು ಡೆಲಿವರಿ ಚಲನ್ ಮಾಡಿ ಕಳಿಸಿದೆ. ಚಲನ್‌ನಲ್ಲಿ ಹಳೆ ಬಿಲ್ ನಂಬರು, ತಾರೀಕು ಬರೆದಿದ್ದೆ.

ಮಾಲು ತಲುಪಿತು. ವಾಪಸ್ ಹೋದ ಮಾಲಿನ ಬೆಲೆ, ತೆರಿಗೆ ಬಿಲ್ಲಿನಿಂದ ಕಳೆಯುವ ಕ್ರೆಡಿಟ್ ನೋಟ್ ಕೇಳಿದ್ದಕ್ಕೆ ಅವರ ಅಕೌಂಟೆಂಟ್, "ಸರ್, ಜೂನ್ ಬಿಲ್ ರಿಟರ್ನ್‌ನಲ್ಲಿ ಫೈಲ್ ಆಗೋಗಿದೆ. ಈಗ ಏನೂ ಮಾಡೋಕಾಗಲ್ಲ. ನೀವೇ ನಮಗೊಂದು ಸೇಲ್ ಬಿಲ್ ಹಾಕಿಬಿಡಿ" ಅಂದರು.

ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಕೆಟ್ಟ ಮಾಲನ್ನು ನಾನೇ ಅವರಿಗೆ ಮಾರಿದ ಹಾಗಾಗುತ್ತೆ, ನನ್ನ ವಹಿವಾಟೂ ಸುಮ್ನೆ ಜಾಸ್ತಿ ಕಾಣುತ್ತೆ. ನಾನು ಬರೆದಿಟ್ಟ ಡೆಬಿಟ್ ನೋಟ್ ನನ್ನ ಲೆಕ್ಕದ ಪುಸ್ತಕಕ್ಕಷ್ಟೇ ಸಾಕು. ಅವರು ಕಟ್ಟಬೇಕಾದ ತೆರಿಗೆ ಇಳಿಯಬೇಕಾದರೆ ಅವರೇ ಕ್ರೆಡಿಟ್ ನೋಟ್ ಕೊಡಬೇಕು.

"ಮೇಡಂ, ಜೂನ್ ಬಿಲ್ ಮುಟ್ಟೋದೇ ಬೇಡ" ಅಂತ ಬಿಡಿಸಿ ಹೇಳಿದೆ. ಜುಲೈ ತಾರೀಕಿನ ಹೊಸ ನೋಟ್ ಮಾಡಿ, ಜುಲೈ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರ 9ಬಿ ಟೇಬಲ್‌ನಲ್ಲಿ ನನ್ನ ಜಿಎಸ್‌ಟಿ ನಂಬರ್ ಹಾಕಿ ತೋರಿಸಿದರೆ ಆಯ್ತು. ಬಿಲ್ ಯಾವ ಹಣಕಾಸು ವರ್ಷದ್ದೋ, ಅದು ಮುಗಿದ ಮೇಲೆ ಬರುವ ನವೆಂಬರ್ 30ರ ತನಕ ಇದಕ್ಕೆ ಅವಕಾಶವಿದೆ. ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಹಾಕಿದರೆ ಮಾತ್ರ ಗಡುವು ಅಲ್ಲಿಗೇ ಮುಗಿಯುತ್ತೆ.

ಆಮೇಲೆ ಅವರ ನಿಜವಾದ ಭಯ ಹೊರಬಂತು. "ನೀವು ಜಿಎಸ್‌ಟಿ ಪೋರ್ಟಲ್‌ನ ಐಎಂಎಸ್‌ನಲ್ಲಿ ನಮ್ಮ ನೋಟ್ ರಿಜೆಕ್ಟ್ ಮಾಡಿದ್ರೆ ಆ ಟ್ಯಾಕ್ಸ್ ಮತ್ತೆ ನಮ್ಮ ತಲೆ ಮೇಲೇ ಬರುತ್ತಲ್ಲ ಸರ್?" ಅಂದರು. ಆ ಮಾತು ಸರಿಯೇ. ಖರೀದಿದಾರ ತಿರಸ್ಕರಿಸಿದ ಕ್ರೆಡಿಟ್ ನೋಟಿನ ತೆರಿಗೆ ಮುಂದಿನ ತಿಂಗಳು ಮಾರಿದವರ ಬಾಕಿಗೆ ಸೇರುತ್ತೆ. ಮಾಲು ಕಳಿಸಿ ಹಣಕ್ಕಾಗಿ ಕಾಯುವ ನಮ್ಮಂಥವರು ಅವರ ಈ ಕಷ್ಟವನ್ನೂ ನೋಡಬೇಕು, ಅಲ್ವಾ? ಅವತ್ತೇ ಮೇಲ್ ಹಾಕಿದೆ. ಬಿಲ್ ನಂಬರು, 20 ನಲ್ಲಿ, ಬೆಲೆ 9,000, ಸಿಜಿಎಸ್‌ಟಿ 810, ಎಸ್‌ಜಿಎಸ್‌ಟಿ 810, ಒಟ್ಟು 10,620. ನೋಟ್ ಒಪ್ಪಿಕೊಳ್ಳುತ್ತೇನೆ, ಖರೀದಿಗೆ ಕೊಟ್ಟ ತೆರಿಗೆ ಅಂತ ನಾನು ತೆಗೆದುಕೊಂಡಿದ್ದ 1,620 ರೂಪಾಯಿ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಬರೆದೆ.

ಮರುದಿನ ನೋಟಿನ ಪಿಡಿಎಫ್ ಬಂತು. ಪಿಡಿಎಫ್ ಬಂದ ಮಾತ್ರಕ್ಕೆ ರಿಟರ್ನ್‌ನಲ್ಲೂ ತೋರಿಸಿದ್ದಾರೆ ಅಂತ ಹೇಳೋಕಾಗಲ್ಲ. ಅಲ್ಲಿ ನನ್ನ ಜಿಎಸ್‌ಟಿ ನಂಬರ್ ಬಿಟ್ಟುಹೋಗಿದ್ದರೂ ನಮಗೆ ಕಾಣಲ್ಲ. ಹಾಗಾಗಿ ಆಗಸ್ಟ್ 14ಕ್ಕೆ ನನ್ನ ಖರೀದಿ ಪಟ್ಟಿ ತೋರಿಸುವ ಜಿಎಸ್‌ಟಿಆರ್-2ಬಿ ತೆಗೆದು, ಕ್ರೆಡಿಟ್ ನೋಟ್‌ಗಳ ಭಾಗದಲ್ಲಿ ಹುಡುಕಿದೆ. ಅದೇ ನಂಬರು, ಅದೇ ಮೊತ್ತ ಇತ್ತು. ಐಎಂಎಸ್‌ನಲ್ಲಿ ಒಪ್ಪಿಗೆ ಒತ್ತಿ, 20ರೊಳಗೆ ಹಾಕಿದ ತಿಂಗಳ ತೆರಿಗೆ ರಿಟರ್ನ್ ಜಿಎಸ್‌ಟಿಆರ್-3ಬಿಯಲ್ಲಿ ಇನ್‌ಪುಟ್‌ನಿಂದ 1,620 ಕಳೆದೆ. 10,620 ರೂಪಾಯಿಯನ್ನು ಅವರು ಮುಂದಿನ ಬಿಲ್ಲಿನ ಹಣಕ್ಕೆ ಹೊಂದಿಸಿಕೊಂಡರು.