ಸೂತ್ರವಿಲ್ಲದ ಒಂದು ಸೆಲ್

ವಸೂಲಾಗುವುದು ಅನುಮಾನವಿರುವ ಬಾಕಿಗಳಿಗೆ ಎಷ್ಟು ಪ್ರಾವಿಷನ್ ಮಾಡಬೇಕು, ಅಂದರೆ ಆಗಬಹುದಾದ ನಷ್ಟಕ್ಕೆಂದು ಲಾಭದಿಂದ ಮುಂಚೆಯೇ ಎಷ್ಟು ಕಳೆದಿಡಬೇಕು ಎಂಬುದನ್ನು ಆ ಕಂಪನಿ ಒಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕುತ್ತಿತ್ತು. F ಕಾಲಂನಲ್ಲಿ ಗ್ರಾಹಕರ ಬಾಕಿ, G ಕಾಲಂನಲ್ಲಿ ಬಾಕಿ ಎಷ್ಟು ಹಳೆಯದು ಎಂಬುದಕ್ಕೆ ತಕ್ಕ ದರ, H ಕಾಲಂನಲ್ಲಿ ಅವೆರಡರ ಗುಣಲಬ್ಧ. ಶೀಟಿನ ಒಟ್ಟು ಮೊತ್ತವನ್ನು ಲೆಡ್ಜರಿನೊಂದಿಗೆ ಹೋಲಿಸಿದಾಗ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಲೆಕ್ಕಪರಿಶೋಧಕಿಯಾಗಿ ನಾನು ಇಂತಹ ತಾಳೆಗೆ ಬೆಲೆ ಕೊಡುವುದಿಲ್ಲ. ಲೆಡ್ಜರಿನ ಜರ್ನಲ್ ನಮೂದು ಹುಟ್ಟಿದ್ದೇ ಆ ಶೀಟಿನಿಂದ. ಶೀಟು ತಪ್ಪಿದ್ದರೆ ಲೆಡ್ಜರೂ ಅಷ್ಟೇ ತಪ್ಪಿ, ಎರಡೂ ಸರಿಯಾಗಿ ತಾಳೆಯಾಗುತ್ತವೆ.

ಹಾಗಾಗಿ ಫೈಲಿನ ನಕಲು ಮಾಡಿಕೊಂಡು, ಖಾಲಿ ಸೆಲ್ ಒಂದರಲ್ಲಿ ಇದನ್ನು ಟೈಪ್ ಮಾಡಿದೆ:

```
=SUMPRODUCT(--NOT(ISFORMULA(H2:H310)))
```

ಆ ಕಾಲಂನಲ್ಲಿ ಸೂತ್ರವಿಲ್ಲದ ಸೆಲ್‌ಗಳೆಷ್ಟು ಎಂದು ಇದು ಎಣಿಸುತ್ತದೆ. 0 ಬರಬೇಕಿತ್ತು, 1 ಬಂತು. ಹುಡುಕಿದರೆ ಅದು H147. ಬಾಕಿ 36,40,000 ರೂಪಾಯಿ, ದರ ಶೇ 50, ಬರಬೇಕಿದ್ದದ್ದು 18,20,000. ಅಲ್ಲಿದ್ದದ್ದು ಕೈಯಿಂದ ತುಂಬಿದ 8,20,000.

ಈ ಎಣಿಕೆಗೂ ಒಂದು ಮಿತಿ ಇದೆ. ಯಾರಾದರೂ `=F147*G147-1000000` ಎಂದು ಬರೆದಿದ್ದರೆ ಅದೂ ಸೂತ್ರವೇ ಆದ್ದರಿಂದ ಇದಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಶೀಟನ್ನು, ಬೇರೆ ಸೆಲ್‌ಗಳು ಎಷ್ಟು ಕಾಲಂ ಆಚೆ ಇವೆ ಎಂದು ಸೂತ್ರದಲ್ಲಿ ತೋರಿಸುವ R1C1 ಶೈಲಿಗೆ ಬದಲಿಸಿ, ಫಲಿತಾಂಶಗಳ ಬದಲು ಸೂತ್ರಗಳೇ ಕಾಣುವಂತೆ ಮಾಡಿದೆ. ಆ ಶೈಲಿಯಲ್ಲಿ ಪ್ರತಿ ಸಾಲೂ `=RC[-2]*RC[-1]` ಎಂದೇ ಇರಬೇಕು. ಬೇರೆಯಾಗಿರುವುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಉಳಿದ ಸಾಲುಗಳೆಲ್ಲ ಸರಿಯಾಗಿದ್ದವು.

ನೋಡಲು ಮೊದಲ ಅಂಕಿ ಬಿಟ್ಟುಹೋದಂತಿತ್ತು. ಆದರೆ ಸೂತ್ರವಿರುವ ಸೆಲ್‌ನಲ್ಲಿ ಯಾರೂ ಸಂಖ್ಯೆ ಟೈಪ್ ಮಾಡಬೇಕಾಗಿಯೇ ಇರಲಿಲ್ಲ. ಕ್ಲೌಡ್ ಫೋಲ್ಡರಿನಲ್ಲಿ ಫೈಲಿನ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆರೆದೆ. ಕೊನೆಯದರಲ್ಲಿ ಮಾತ್ರ ಸಂಖ್ಯೆ ಇತ್ತು, ಅದರ ಹಿಂದಿನದರಲ್ಲಿ ಸೂತ್ರವೇ ಇತ್ತು. ಉಳಿಸಿದವರ ಹೆಸರು ಕಿರಿಯ ಸಹಾಯಕನದು.

"ಮೇಡಂ, ನಾನು ಅಪ್‌ಲೋಡ್ ಮಾಡಿದ್ದಷ್ಟೇ. ಫೈಲು ಮೇಲ್‌ನಲ್ಲಿ ಬಂದಿತ್ತು," ಎಂದು ಆತ ಹೇಳಿದ. ಅದು ನಿಜವಾಗಿತ್ತು. ಫೈಲನ್ನು ಹೊರಗೆ ತಿದ್ದಿ ಮತ್ತೆ ಏರಿಸಿದಾಗ ಆವೃತ್ತಿಗಳ ಪಟ್ಟಿ ಏರಿಸಿದವರ ಹೆಸರನ್ನಷ್ಟೇ ತೋರಿಸುತ್ತದೆ. ಮೇಲ್ ಕಳಿಸಿದ್ದವರು ಮಾರಾಟ ವಿಭಾಗದ ವ್ಯವಸ್ಥಾಪಕರು. ಶೀಟಿಗೆ ಪಾಸ್‌ವರ್ಡ್ ಇತ್ತು, ಆದರೆ ಅದು ಹಣಕಾಸು, ಮಾರಾಟ ಎರಡೂ ವಿಭಾಗದ ಎಲ್ಲರಿಗೂ ಗೊತ್ತಿತ್ತು.

ಗ್ರಾಹಕರು 10 ಲಕ್ಷ ಕೊಡುವುದಾಗಿ ಹೇಳಿದ್ದಾರೆ, ಅದಕ್ಕೇ ಕಡಿಮೆ ಮಾಡಿದೆ ಎಂಬುದು ಆ ವ್ಯವಸ್ಥಾಪಕರ ವಿವರಣೆ. ಆ ಮಾತನ್ನು ಪೂರ್ತಿ ನಂಬಿದರೂ ಲೆಕ್ಕ ಕೂಡುವುದಿಲ್ಲ. ಉಳಿಯುವ 26,40,000ಕ್ಕೆ ಶೇ 50 ಎಂದರೆ 13,20,000. ಬಾಕಿಯಿಂದ ಕಳೆಯಬೇಕಾದ 10 ಲಕ್ಷವನ್ನು ಅವರು ಪ್ರಾವಿಷನ್‌ನಿಂದಲೇ ಕಳೆದಿದ್ದರು. ಮೇಲಾಗಿ ಗ್ರಾಹಕರ ಪತ್ರವೂ ಇರಲಿಲ್ಲ, ಬ್ಯಾಂಕಿಗೆ ಹಣವೂ ಬಂದಿರಲಿಲ್ಲ.

ಹಣಕಾಸು ಮುಖ್ಯಸ್ಥರು ಸೂತ್ರವನ್ನು ಮರಳಿ ಹಾಕಿಸಿ, ಲಾಭದಿಂದ 10 ಲಕ್ಷ ಕಡಿಮೆಯಾಗುವ ನಮೂದನ್ನು ಒಪ್ಪಿದರು. ಈಗ ಆ ಶೀಟಿನಲ್ಲಿ H ಕಾಲಂ ಅನ್ನು ಯಾರೂ ಮುಟ್ಟುವಂತಿಲ್ಲ. ಬದಲಾವಣೆ ಬೇಕಿದ್ದರೆ ಪಕ್ಕದ ಬೇರೆ ಕಾಲಂನಲ್ಲಿ ಮೊತ್ತ, ಕಾರಣ ಮತ್ತು ಒಪ್ಪಿದವರ ಹೆಸರನ್ನು ಬರೆಯಬೇಕು.