ಕೋಲಾರದ ಬೋರ್ಡಿಗೆ ನಾನು ಬರೆದ ತಪ್ಪು ಸಾಲು

ಕೋಲಾರದ ಇತಿಹಾಸ ಹೇಳುವ ಮಾಹಿತಿ ಬೋರ್ಡಿನ ಪ್ರೂಫ್ ಬೆಳಿಗ್ಗೆ ಬಂತು, ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕಿತ್ತು. ಪರಶುರಾಮ–ಕಾರ್ತವೀರ್ಯಾರ್ಜುನರ ಕಾದಾಟದಲ್ಲಿ ಎದ್ದ ಕೋಲಾಹಲದಿಂದ ಕೋಲಾರ ಎಂಬ ಹೆಸರು ಬಂತು ಅಂತ ಜನ ಹೇಳುತ್ತಾರಲ್ವಾ, ಅದನ್ನೇ ಬರೆದಿದ್ದೆ. ಕೊನೆಗೆ ನನ್ನದೇ ಒಂದು ಸಾಲು: "ಇದಕ್ಕೆ ಶಾಸನಾಧಾರವಿದೆ."

ಆಧಾರ ಇತ್ತು ಕೂಡ. ಕಳಿಂಗದ ಗಂಗರ ಅರಸ ಅನಂತವರ್ಮ ಚೋಡಗಂಗನ 1118ರ ತಾಮ್ರಪಟದಲ್ಲಿ ಗಂಗವಾಡಿಯ ಕೋಲಾಹಲಪುರದ ಹೆಸರಿದೆ. ಅದು ಸಿಕ್ಕ ದಿನ ಖುಷಿಯಲ್ಲಿ ಮುಂದೆ ಹುಡುಕೋದನ್ನೇ ಬಿಟ್ಟೆ.

ಮೂರೂವರೆಗೆ ನಮ್ಮ ವಿಭಾಗದ ಹಿರಿಯರು ಪ್ರೂಫ್ ಹಿಡಿದು ಬಂದರು. "ಇದಕ್ಕಿಂತ ಹಳೆಯದು ನೋಡಿದಿರಾ?" ಅಂದರು. ನಾನು ಸುಮ್ಮನಿದ್ದೆ. "ಆ ತಾಮ್ರಪಟದಲ್ಲಿ ಕೋಲಾಹಲ ಅಂದ್ರೆ ಏನು?" ತೆಗೆದು ನೋಡಿದೆ. ಅಲ್ಲಿ ಕೋಲಾಹಲ ಗದ್ದಲವಲ್ಲ, ಊರು ಕಟ್ಟಿದ ಒಬ್ಬ ರಾಜ! ನನ್ನ ಕಥೆಗೆ ಸಾಕ್ಷಿ ಅಂದುಕೊಂಡದ್ದು ಬೇರೆಯದೇ ಒಂದು ಕಥೆ ಹೇಳುತ್ತಿತ್ತು. ನನಗೆ ಕೈ ತಣ್ಣಗಾಯಿತು. ಒಂದೇ ಹೆಸರಿಗೆ ಎರಡು ಕಥೆ ಇದೆ ಅಂದ್ರೆ ಹೆಸರು ಮೊದಲು, ಕಥೆ ಆಮೇಲೆ ಹುಟ್ಟಿರುವ ಸಾಧ್ಯತೆಯೇ ಜಾಸ್ತಿ.

ಕೋಲಾರ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಬಿಚ್ಚಿದೆವು. ತಲಕಾಡಿನ ಗಂಗರ ಬಿರುದು "ಕುವಳಾಲಪುರವರೇಶ್ವರ", ಅಂದ್ರೆ ಕುವಳಾಲ ಎಂಬ ಶ್ರೇಷ್ಠ ಪಟ್ಟಣದ ಒಡೆಯ. ಆ ಕುವಳಾಲವೇ ಕೋಲಾರ. ಆದರೆ ಗಂಗರ ತಾಮ್ರಪಟಗಳಲ್ಲಿ ಆಮೇಲೆ ಬರೆದ ಖೋಟಾ ಪಟಗಳೂ ಇವೆ. ಅಲ್ಲಿ ಬರೆದಿರುವ ವರ್ಷವನ್ನು ನಂಬದೆ ಅಕ್ಷರದ ರೂಪ ನೋಡಿ ಕಾಲ ಹೇಳಬೇಕು. ಬಿರುದು ಕೂಡ ವಂಶದಲ್ಲಿ ಸುಮ್ನೆ ಮುಂದುವರಿಯುತ್ತದೆ.

ಅದಕ್ಕೇ ಚೋಳರ ಕಾಲದ ತಮಿಳು ಶಾಸನಗಳು ನಮಗೆ ಮುಖ್ಯವಾದವು. ಹನ್ನೊಂದನೇ ಶತಮಾನ. ಅವೂ ಕುವಳಾಲ, ಕುವಳಾಲನಾಡು ಅಂತಲೇ ಹೇಳುತ್ತವೆ. ಅಲ್ಲಿ ಅದು ಆಡಳಿತದ ಲೆಕ್ಕದಲ್ಲಿ ಬರುವ ಹೆಸರು. ವಂಶದ ಹಿರಿಮೆ ಹಾಡುವ ಜಾಗವಲ್ಲ, ಭಾಷೆಯೂ ಬೇರೆ. ಎರಡು ಕಡೆಯೂ ಒಂದೇ ರೂಪ ಸಿಕ್ಕಿತು.

ಉಚ್ಚಾರಣೆಯೂ ಅದೇ ದಾರಿ ತೋರಿಸುತ್ತದೆ. ಬಾಯಲ್ಲಿ ಸವೆದು "ಕುವ" ಎಂಬುದು "ಕೋ" ಆಗುವುದು ಸುಲಭ, "ಕೋ" ಬಿಡಿಸಿಕೊಂಡು "ಕುವ" ಆಗುವುದು ಕಷ್ಟ. ಕೋಲಾಹಲದಲ್ಲಿ ಳಕಾರ ಇಲ್ಲವಲ್ಲ ಅಂತ ನಾನು ಇನ್ನೊಂದು ವಾದ ಹೂಡಿದೆ. ಹಿರಿಯರು ತಡೆದರು: "ಕಮಲವನ್ನು ಕಮಳ ಅಂತ ಬರೆಯೋರು ನಾವು. ಅದು ನಿಲ್ಲಲ್ಲ." ಹೀಗೆ, ಕುವಳಾಲ ಸವೆದು ಕೋಲಾರದ ಕಡೆಗೆ ಬಂತು, ಅದಕ್ಕೆ ಅರ್ಥ ಕೊಡಲು ಸಂಸ್ಕೃತ ಬಲ್ಲವರು ಕೋಲಾಹಲ ಹೊಂದಿಸಿದರು ಅನ್ನೋದೇ ದಾಖಲೆಗೆ ಒಪ್ಪುವ ಮಾತು.

ನಾಲ್ಕಾಗಿಯೇ ಹೋಗಿತ್ತು. ಪ್ರೆಸ್ಸಿಗೆ ಫೋನ್ ಮಾಡಿ ನಿಲ್ಲಿಸಿದೆ. ಮೇಲಿನವರು ರೇಗಿದರು, "ಜನಕ್ಕೆ ಕಥೆ ಬೇಕು ಕಣ್ರೀ" ಅಂದರು. ಅವರ ಬೋರ್ಡಿನ ನಮೂನೆಯಲ್ಲಿ ಹೆಸರಿನ ಮೂಲಕ್ಕೆ ಇರೋದೇ ನಲವತ್ತು ಪದದ ಜಾಗ, ಅದರಲ್ಲಿ "ಜನ ಹೇಳುವ ಕಥೆ" ಅನ್ನೋ ಮೂರು ಪದಕ್ಕೂ ಚೌಕಾಸಿ. ಆ ಮೂರು ಪದ ಉಳಿಸಿಕೊಳ್ಳಲು ಎರಡು ದಿನ ಓಡಾಡಿದೆ. ಉಳಿದವು. ಅದರ ಮೇಲಿನ ಸಾಲಿನಲ್ಲಿ ಈಗ ಕುವಳಾಲ ಎಂದಿದೆ.